ಲಾಂಗ್ ಟೇಲ್ಡ್ ಪೇರ್: ಕಳೆಯುವ ಕೆಲಸ ನಡೆಯುವುದು ಎಮಿಟರ್ ಸಂಧಿಯಲ್ಲಿ

ಪ್ರಶ್ನೆ: ಸರ್, ಎರಡು ಬಿ.ಸಿ. 547 ಟ್ರಾನ್ಸಿಸ್ಟರ್ ಹಾಕಿ ಬ್ರೆಡ್‌ಬೋರ್ಡ್ ಮೇಲೆ ಡಿಫರೆನ್ಷಿಯಲ್ ಪೇರ್ ಕಟ್ಟಿದ್ದೇನೆ. ಸಪ್ಲೈ +12 ಮತ್ತು −12 ವೋಲ್ಟ್. ಎರಡೂ ಕಲೆಕ್ಟರ್‌ಗೆ 10 ಕಿಲೋಓಮ್, ಎರಡು ಎಮಿಟರ್ ಸೇರುವಲ್ಲಿಂದ −12ಕ್ಕೆ ಇನ್ನೊಂದು 10 ಕಿಲೋಓಮ್. ಔಟ್‌ಪುಟ್ ತೆಗೆಯುತ್ತಿರುವುದು ಒಂದೇ ಕಲೆಕ್ಟರ್‌ನಿಂದ. ಎರಡೂ ಇನ್‌ಪುಟ್ ಸೇರಿಸಿ 1 ವೋಲ್ಟ್ ಸಿಗ್ನಲ್ ಕೊಟ್ಟರೆ ಅರ್ಧ ವೋಲ್ಟ್ ಬರುತ್ತದೆ. ಸೊನ್ನೆ ಬರಬೇಕಲ್ಲವೇ? ಇನ್ನೊಂದು ಅನುಮಾನ: ನಾನು ನೋಡುತ್ತಿರುವುದು ಒಂದೇ ಕಲೆಕ್ಟರ್. ಹಾಗಿದ್ದ ಮೇಲೆ ಒಂದು ಇನ್‌ಪುಟ್‌ನಿಂದ ಇನ್ನೊಂದನ್ನು ಕಳೆಯುವವರು ಯಾರು?

ಉತ್ತರ: ನಿಮ್ಮ ಸರ್ಕ್ಯೂಟ್ ಸರಿಯಾಗಿಯೇ ಇದೆ. ನೀವು ಬರೆದ ಬೆಲೆಗಳಿಗೆ ಅರ್ಧ ವೋಲ್ಟ್ ಬರಲೇಬೇಕು. ಸೊನ್ನೆ ಬಂದಿದ್ದರೆ ಪ್ರೋಬ್ ಸರಿಯಾಗಿ ಕೂತಿದೆಯೇ ನೋಡಿ ಎನ್ನುತ್ತಿದ್ದೆ. ನಿಮ್ಮ ಎರಡನೆಯ ಅನುಮಾನವೇ ಮೂಲದ ಪ್ರಶ್ನೆ. ಅದು ಬಗೆಹರಿದರೆ ಅರ್ಧ ವೋಲ್ಟ್ ಎಲ್ಲಿಂದ ಬಂತು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಸಿಗ್ನಲ್ ಇಲ್ಲದ ಸ್ಥಿತಿ ನೋಡೋಣ. ಎರಡೂ ಬೇಸ್ ಗ್ರೌಂಡ್‌ನಲ್ಲಿದ್ದರೆ ಎಮಿಟರ್ ಸಂಧಿ ಸುಮಾರು −0.65 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ −12ರವರೆಗೆ 11.35 ವೋಲ್ಟ್ ಉಳಿಯಿತು. ಅದು 10 ಕಿಲೋಓಮ್ ಮೇಲೆ ಬಿದ್ದಾಗ ಹರಿಯುವುದು 1.13 ಮಿಲಿಆಂಪ್. ಎರಡು ಟ್ರಾನ್ಸಿಸ್ಟರ್‌ಗಳೂ ಒಂದೇ ತರಹದವಾದರೆ ತಲಾ 0.57 ಮಿಲಿಆಂಪ್ ಹಂಚಿಕೊಳ್ಳುತ್ತವೆ, ಪ್ರತಿ ಕಲೆಕ್ಟರ್ ರೆಸಿಸ್ಟರ್ ಮೇಲೆ 5.7 ವೋಲ್ಟ್ ಬಿದ್ದು ಕಲೆಕ್ಟರ್ 6.3 ವೋಲ್ಟ್‌ನಲ್ಲಿರುತ್ತದೆ. ಮಲ್ಟಿಮೀಟರ್ ಹಿಡಿದು ಇಷ್ಟನ್ನು ಮೊದಲು ಖಚಿತ ಮಾಡಿಕೊಳ್ಳಿ. ಎರಡು ಕಲೆಕ್ಟರ್‌ಗಳ ನಡುವೆ ಒಂದು ವೋಲ್ಟ್‌ಗಿಂತ ಹೆಚ್ಚು ಅಂತರವಿದ್ದರೆ ಮುಂದಿನ ಲೆಕ್ಕಗಳು ನಿಮ್ಮ ಬೋರ್ಡ್‌ಗೆ ಹೊಂದುವುದಿಲ್ಲ. ಆಗ ಟ್ರಾನ್ಸಿಸ್ಟರ್ ಬದಲಿಸಿ ನೋಡಿ.

ಈ 1.13 ಮಿಲಿಆಂಪ್ ಅನ್ನು ನಿರ್ಧರಿಸುತ್ತಿರುವುದು ಟ್ರಾನ್ಸಿಸ್ಟರ್‌ಗಳಲ್ಲ, ಕೆಳಗಿನ ರೆಸಿಸ್ಟರ್. ಅದೇ ಈ ಜೋಡಿಯ ಬಾಲ, ಲಾಂಗ್ ಟೇಲ್ಡ್ ಪೇರ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಅದರ ಮೇಲೆ ಹನ್ನೊಂದು ವೋಲ್ಟ್ ಕೂತಿರುವಾಗ ಬೇಸ್‌ನಲ್ಲಿ ಐದೋ ಹತ್ತೋ ಮಿಲಿವೋಲ್ಟ್ ಅಲುಗಾಡಿದರೆ ಒಟ್ಟು ಕರೆಂಟ್ ಬದಲಾಯಿತೆಂದು ಹೇಳುವ ಹಾಗೂ ಇಲ್ಲ. ಕಾಲುವೆಯಲ್ಲಿ ಬರುವ ನೀರು ಇಷ್ಟೇ ಎಂದು ನಿಗದಿಯಾಗಿದೆ, ಅದು ಕವಲೊಡೆದು ಎರಡು ಗದ್ದೆಗೆ ಹೋಗುತ್ತದೆ ಎಂದುಕೊಳ್ಳಿ. ಒಂದು ಕಡೆಯ ಮಡೆಯನ್ನು ಇನ್ನೊಂದಕ್ಕಿಂತ ಹೆಚ್ಚು ತೆರೆದರೆ ಆ ಗದ್ದೆಗೆ ಹೆಚ್ಚು, ಈ ಗದ್ದೆಗೆ ಅಷ್ಟೇ ಕಡಿಮೆ. ಎರಡನ್ನೂ ಸಮವಾಗಿ ತೆರೆದರೆ? ಯಾವ ಗದ್ದೆಗೂ ಹೆಚ್ಚು ನೀರು ಬರುವುದಿಲ್ಲ, ಏಕೆಂದರೆ ಹೆಚ್ಚು ನೀರೇ ಇಲ್ಲ. ಒಂದೇ ಗದ್ದೆಯ ಬದುವಿನ ಮೇಲೆ ನಿಂತು ನೋಡುವವನಿಗೂ ಇದು ಕಾಣುತ್ತದೆ. ಎರಡೂ ಗದ್ದೆ ನೋಡಿ ಕಳೆಯಬೇಕಾಗಿಲ್ಲ. ಒಂದೇ ಕಲೆಕ್ಟರ್‌ನಿಂದ ಔಟ್‌ಪುಟ್ ತೆಗೆದರೂ ವ್ಯತ್ಯಾಸ ಮಾತ್ರ ಸಿಗುವುದು ಹೀಗೆ.

ಹಂಚಿಕೆ ಯಾವ ಪ್ರಮಾಣದಲ್ಲಿ ಆಗುತ್ತದೆ ಎಂಬುದನ್ನು ಟ್ರಾನ್ಸಿಸ್ಟರ್‌ನ ಮೂಲ ಸಮೀಕರಣವೇ ಹೇಳುತ್ತದೆ. ಪ್ರತಿ ಟ್ರಾನ್ಸಿಸ್ಟರ್‌ಗೂ ಗೊತ್ತಿರುವುದು ತನ್ನ ಬೇಸ್‌ಗೂ ತನ್ನ ಎಮಿಟರ್‌ಗೂ ನಡುವಿನ ವೋಲ್ಟೇಜ್ ಒಂದೇ. ಗ್ರೌಂಡ್ ಎಲ್ಲಿದೆ ಎಂಬುದು ಅದಕ್ಕೆ ಬೇಕಿಲ್ಲ.

```
I1 = Is · exp((V1 − VE)/VT)
I2 = Is · exp((V2 − VE)/VT)

I1/I2 = exp((V1 − V2)/VT)        VT ≈ 26 mV
```

ಮೊದಲ ಸಾಲನ್ನು ಎರಡನೆಯದರಿಂದ ಭಾಗಿಸಿದಾಗ ಏನಾಯಿತು ನೋಡಿ. ಎರಡರಲ್ಲೂ ಇದ್ದ ಎಮಿಟರ್ ವೋಲ್ಟೇಜ್ VE ಹೊಡೆದುಹೋಗಿ V1 − V2 ಉಳಿಯಿತು. ನೀವು ಹುಡುಕುತ್ತಿದ್ದ ಕಳೆಯುವಿಕೆ ಇದೇ. ಎಮಿಟರ್‌ಗಳನ್ನು ಒಂದೇ ತಂತಿಗೆ ಸೇರಿಸಿದ ಕ್ಷಣವೇ ಅದು ಆಗಿಹೋಗುತ್ತದೆ, ಔಟ್‌ಪುಟ್‌ನವರೆಗೆ ಕಾಯುವುದಿಲ್ಲ. ಇನ್‌ಪುಟ್‌ಗಳ ನಡುವೆ 18 ಮಿಲಿವೋಲ್ಟ್ ವ್ಯತ್ಯಾಸವಿದ್ದರೆ ಒಂದು ಕಡೆಯ ಕರೆಂಟ್ ಇನ್ನೊಂದರ ಎರಡರಷ್ಟು, 60 ಮಿಲಿವೋಲ್ಟ್ ಇದ್ದರೆ ಹತ್ತರಷ್ಟು. ಎರಡೂ ಇನ್‌ಪುಟ್ ಸೊನ್ನೆಯ ಹತ್ತಿರವಿದ್ದರೂ ಸರಿ, ಎರಡೂ 3 ವೋಲ್ಟ್‌ನ ಹತ್ತಿರವಿದ್ದರೂ ಸರಿ, ಹಂಚಿಕೆಯ ಅನುಪಾತ ಅದೇ.

ಈಗ ಚಿಕ್ಕ ಸಿಗ್ನಲ್ ಕೊಡೋಣ. ಒಂದು ಬೇಸ್‌ಗೆ +5, ಇನ್ನೊಂದಕ್ಕೆ −5 ಮಿಲಿವೋಲ್ಟ್, ಅಂದರೆ ವ್ಯತ್ಯಾಸ 10 ಮಿಲಿವೋಲ್ಟ್. 0.57 ಮಿಲಿಆಂಪ್ ಹರಿಯುವ ಟ್ರಾನ್ಸಿಸ್ಟರ್‌ನ ಎಮಿಟರ್ ಒಳರೋಧ 26 ಮಿಲಿವೋಲ್ಟ್ ಭಾಗಿಸು 0.57 ಮಿಲಿಆಂಪ್, ಸುಮಾರು 46 ಓಮ್. ಒಂದು ಬೇಸ್‌ನಿಂದ ಎಮಿಟರ್ ಸಂಧಿಗೆ ಇಳಿದು ಇನ್ನೊಂದು ಬೇಸ್‌ಗೆ ಏರುವ ದಾರಿಯಲ್ಲಿ ಇಂಥವು ಎರಡು ಸಿಗುತ್ತವೆ, ಒಟ್ಟು 92 ಓಮ್. 10 ಮಿಲಿವೋಲ್ಟ್ ಅದರ ಮೇಲೆ ಬಿದ್ದಾಗ 0.109 ಮಿಲಿಆಂಪ್ ಒಂದು ಟ್ರಾನ್ಸಿಸ್ಟರ್‌ನಲ್ಲಿ ಹೆಚ್ಚುತ್ತದೆ, ಇನ್ನೊಂದರಲ್ಲಿ ಅಷ್ಟೇ ತಗ್ಗುತ್ತದೆ. ಬಾಲದ ರೆಸಿಸ್ಟರ್‌ಗೆ ಈ ವಿನಿಮಯದ ಸುಳಿವೇ ಸಿಗುವುದಿಲ್ಲ. ಕಲೆಕ್ಟರ್‌ನ 10 ಕಿಲೋಓಮ್‌ನಲ್ಲಿ ಆ 0.109 ಮಿಲಿಆಂಪ್ 1.09 ವೋಲ್ಟ್ ಆಗುತ್ತದೆ. ಒಂದು ಕಲೆಕ್ಟರ್ ಅಷ್ಟು ಇಳಿದರೆ ಇನ್ನೊಂದು ಅಷ್ಟು ಏರುತ್ತದೆ. ಒಂದೇ ಕಲೆಕ್ಟರ್ ನೋಡಿದರೆ ವ್ಯತ್ಯಾಸಕ್ಕೆ ಗೇನ್ ಸುಮಾರು 109.

ಇನ್ನು ನಿಮ್ಮ ಪ್ರಯೋಗಕ್ಕೆ ಬರುತ್ತೇನೆ. ಎರಡೂ ಬೇಸ್ ಒಟ್ಟಿಗೆ 1 ವೋಲ್ಟ್ ಏರಿದವು. ಎಮಿಟರ್ ಸಂಧಿಯೂ ಅವುಗಳ ಹಿಂದೆಯೇ ಹೆಚ್ಚುಕಡಿಮೆ 1 ವೋಲ್ಟ್ ಏರುತ್ತದೆ, ಎಮಿಟರ್ ಫಾಲೋವರ್‌ನಲ್ಲಿ ಏರುವ ಹಾಗೆಯೇ. ಬಾಲದ ರೆಸಿಸ್ಟರ್ ಮೇಲೆ 11.35 ಇದ್ದದ್ದು 12.35 ವೋಲ್ಟ್ ಆಯಿತು, ಅದರ ಕರೆಂಟ್ 0.1 ಮಿಲಿಆಂಪ್ ಹೆಚ್ಚಿತು. ಇದನ್ನು ಇಬ್ಬರೂ ಸಮವಾಗಿ ಹೊತ್ತುಕೊಂಡರೆ ತಲಾ 0.05 ಮಿಲಿಆಂಪ್. ಅದು 10 ಕಿಲೋಓಮ್‌ನಲ್ಲಿ ಹರಿದರೆ ಬೀಳುವುದು 0.5 ವೋಲ್ಟ್. ನೀವು ಕಂಡ ಅರ್ಧ ವೋಲ್ಟ್ ಇದೇ.

ಹೀಗೆ ಎರಡೂ ಇನ್‌ಪುಟ್‌ಗೆ ಸಮಾನವಾಗಿ ಬರುವ ಕಾಮನ್ ಮೋಡ್ ಸಿಗ್ನಲ್ "ರದ್ದಾಗುತ್ತದೆ" ಎಂದು ಬರೆದದ್ದನ್ನು ಓದಿದವರಿಗೆ ಅದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿದುಬಿಡುತ್ತದೆ. ಲೆಕ್ಕ ಮಾಡಿಯೇ ನೋಡಬಹುದು. ಟ್ರಾನ್ಸಿಸ್ಟರ್‌ನ ಕರೆಂಟ್ 0.05 ಮಿಲಿಆಂಪ್ ಹೆಚ್ಚಲು ಅದರ ಬೇಸ್ ಮತ್ತು ಎಮಿಟರ್ ನಡುವೆ ಹೆಚ್ಚಬೇಕಾದದ್ದು 0.05 ಮಿಲಿಆಂಪ್ ಗುಣಿಸು 46 ಓಮ್, ಅಂದರೆ 2.3 ಮಿಲಿವೋಲ್ಟ್. ನೀವು ಕೊಟ್ಟದ್ದು 1000 ಮಿಲಿವೋಲ್ಟ್. ಟ್ರಾನ್ಸಿಸ್ಟರ್‌ಗೆ ಸಿಗ್ನಲ್ ಎಂದು ಕಂಡದ್ದು ಅದರಲ್ಲಿ ಬರೀ 2.3. ಉಳಿದ 997.7 ಮಿಲಿವೋಲ್ಟ್‌ನಲ್ಲಿ ಬೇಸ್ ಮತ್ತು ಎಮಿಟರ್ ಜೊತೆಜೊತೆಗೇ ಏರಿದ್ದರಿಂದ ಟ್ರಾನ್ಸಿಸ್ಟರ್ ಪಾಲಿಗೆ ಏನೂ ಆಗಿಯೇ ಇಲ್ಲ. ಅದು ಯಾವುದೋ ವಿರುದ್ಧ ಸಿಗ್ನಲ್ಲಿನಿಂದ ಅಳಿಸಿಹೋಗಲಿಲ್ಲ. ಇಡೀ ಜೋಡಿಯನ್ನೇ ಎತ್ತಿ ಇಳಿಸುತ್ತಾ ಕಳೆದುಹೋಯಿತು.

ಇದನ್ನು ಕಣ್ಣಾರೆ ನೋಡಲು ಸ್ಕೋಪ್ ಪ್ರೋಬನ್ನು ಎಮಿಟರ್ ಸಂಧಿಗೆ ಹಚ್ಚಿ. ಕಲೆಕ್ಟರ್ ನೋಡಿ ನೋಡಿ ಎಲ್ಲರೂ ಮರೆಯುವ ಜಾಗ ಅದು. ಎರಡೂ ಇನ್‌ಪುಟ್ ಸೇರಿಸಿ 1 ವೋಲ್ಟ್ ಕೊಟ್ಟಾಗ ಅಲ್ಲಿ ಇಡೀ 1 ವೋಲ್ಟ್ ಕುಣಿಯುತ್ತಿರುತ್ತದೆ. ಎದುರುಬದುರಾದ ಸಿಗ್ನಲ್ ಕೊಟ್ಟಾಗ ಅದೇ ಜಾಗ ಅಲುಗದೆ ನಿಂತಿರುತ್ತದೆ, ಗ್ರೌಂಡಿಗೆ ಕಟ್ಟಿಹಾಕಿದ ಹಾಗೆ. ಒಂದು ಇನ್‌ಪುಟ್ ಗ್ರೌಂಡ್ ಮಾಡಿ ಇನ್ನೊಂದಕ್ಕೆ ಮಾತ್ರ 10 ಮಿಲಿವೋಲ್ಟ್ ಕೊಟ್ಟರೆ ಅಲ್ಲಿ 5 ಮಿಲಿವೋಲ್ಟ್ ಸಿಗುತ್ತದೆ. ಸಿಗ್ನಲ್ ಕೊಡದೆ ಸುಮ್ಮನಿರುವ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲೂ ಏಕೆ ಔಟ್‌ಪುಟ್ ಬರುತ್ತದೆ ಎಂದು ಕೇಳುವವರಿಗೆ ಉತ್ತರ ಈ 5 ಮಿಲಿವೋಲ್ಟ್‌ನಲ್ಲಿದೆ: ಅದರ ಬೇಸ್ ಕದಲದಿದ್ದರೂ ಎಮಿಟರ್ ಕದಲುತ್ತಿದೆ.

ಒಂದೇ ಎಮಿಟರ್ ಸಂಧಿ ವ್ಯತ್ಯಾಸಕ್ಕೆ ಗ್ರೌಂಡ್‌ನಂತೆ ವರ್ತಿಸುತ್ತದೆ, ಸಮಾನ ಸಿಗ್ನಲ್‌ಗೆ ದೊಡ್ಡ ಎಮಿಟರ್ ರೆಸಿಸ್ಟರ್‌ನಂತೆ ವರ್ತಿಸುತ್ತದೆ. ಬಾಲದ ರೆಸಿಸ್ಟರ್ ಇಬ್ಬರ ಕರೆಂಟನ್ನೂ ಹೊರುವುದರಿಂದ ಸಮಾನ ಸಿಗ್ನಲ್‌ನ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಅದು ಎರಡರಷ್ಟಾಗಿ, ಇಲ್ಲಿ 20 ಕಿಲೋಓಮ್ ಆಗಿ, ಕಾಣುತ್ತದೆ. ಒಂದು ಕಲೆಕ್ಟರ್‌ನಿಂದ ತೆಗೆದಾಗ ಸಿಗುವ ಗೇನ್‌ಗಳು ಇವು, ಚಿಹ್ನೆ ಬಿಟ್ಟು ಬರೆದಿದ್ದೇನೆ. Ad ವ್ಯತ್ಯಾಸದ ಗೇನ್, Acm ಸಮಾನ ಸಿಗ್ನಲ್‌ನ ಗೇನ್, RC ಕಲೆಕ್ಟರ್ ರೆಸಿಸ್ಟರ್, RT ಬಾಲದ ರೆಸಿಸ್ಟರ್, re ಎಮಿಟರ್ ಒಳರೋಧ, ಎರಡು ಗೇನ್‌ಗಳ ಅನುಪಾತವೇ ಸಿಎಂಆರ್‌ಆರ್:

```
Ad  = RC / (2·re)    = 10000 / 92    ≈ 109
Acm ≈ RC / (2·RT)    = 10000 / 20000 = 0.5
CMRR = Ad/Acm ≈ RT/re ≈ 218   (≈ 47 dB)
```

ಕೊನೆಯ ಸಾಲನ್ನು ನೋಡಿದವರಿಗೆ ಬಾಲದ ರೆಸಿಸ್ಟರ್ ದೊಡ್ಡದು ಮಾಡಿದರಾಯಿತು ಅನ್ನಿಸುತ್ತದೆ. ನಿಮಗೂ ಅನ್ನಿಸಿರಬಹುದು. 20 ಕಿಲೋಓಮ್ ಹಾಕಿ ನೋಡಿ: ಕರೆಂಟ್ ಅರ್ಧವಾಗುತ್ತದೆ, ಅದರಿಂದಾಗಿ 46 ಓಮ್ ಇದ್ದ ಒಳರೋಧ 92 ಆಗುತ್ತದೆ. ಸಮಾನ ಸಿಗ್ನಲ್ ಅರ್ಧಕ್ಕೆ ಇಳಿಯುವುದು ನಿಜ, ಆದರೆ ಬೇಕಾದ ಸಿಗ್ನಲ್ ಕೂಡ ಅರ್ಧಕ್ಕೆ ಇಳಿಯಿತು. ಅನುಪಾತ 218ರಲ್ಲೇ ನಿಂತಿದೆ. ಬಾಲದ ಕರೆಂಟನ್ನು IT ಎಂದಿಟ್ಟುಕೊಂಡು ಬೀಜಗಣಿತ ಬಿಡಿಸಿ ಬರೆದರೆ ಕಾರಣ ಸ್ಪಷ್ಟವಾಗುತ್ತದೆ.

```
RT/re = (IT·RT) / (2·VT) = 11.35 V / 52 mV ≈ 218
```

ರೆಸಿಸ್ಟರ್‌ನ ಬೆಲೆಯೇ ಸಮೀಕರಣದಿಂದ ಮಾಯವಾಯಿತು! ಉಳಿದದ್ದು ಬಾಲದ ಮೇಲೆ ಎಷ್ಟು ಡಿಸಿ ವೋಲ್ಟ್ ಬೀಳುತ್ತದೆ ಎಂಬುದು ಮಾತ್ರ. ಬರೀ ರೆಸಿಸ್ಟರ್ ಇಟ್ಟುಕೊಂಡು ಎರಡರಷ್ಟು ಒಳ್ಳೆಯ ಫಲಿತಾಂಶ ಬೇಕೆಂದರೆ ನೆಗೆಟಿವ್ ಸಪ್ಲೈಯನ್ನೇ ಎರಡರಷ್ಟು ಮಾಡಬೇಕು. ಒಂದು ಲಕ್ಷದ ಅನುಪಾತ, ಅಂದರೆ 100 ಡೆಸಿಬೆಲ್, ಬೇಕೆಂದರೆ ಬಾಲದ ಮೇಲೆ 5200 ವೋಲ್ಟ್ ಬೀಳಬೇಕಾಗುತ್ತದೆ. ಈ ಸರ್ಕ್ಯೂಟನ್ನು ಇಎಂಐ ಕಂಪನಿಯ ಇಂಜಿನಿಯರ್ ಅಲನ್ ಬ್ಲಮ್ಲೀನ್ ಬ್ರಿಟನ್ನಿನಲ್ಲಿ ಪೇಟೆಂಟ್‌ಗೆ ಹಾಕಿದ್ದು 1936ರಲ್ಲಿ, ವಾಲ್ವ್‌ಗಳ ಕಾಲದಲ್ಲಿ. ಆಗ ಎಮಿಟರ್ ಇದ್ದ ಜಾಗದಲ್ಲಿ ಕ್ಯಾಥೋಡ್, ಅದರ ಕೆಳಗೆ ದೊಡ್ಡ ರೆಸಿಸ್ಟರ್. ನೂರಾರು ವೋಲ್ಟ್ ಸಪ್ಲೈ ಆಗ ಮಾಮೂಲು. ಹಾಗಿದ್ದೂ ರೆಸಿಸ್ಟರ್ ಬಾಲಕ್ಕೆ ಸಪ್ಲೈ ಹಾಕಿದ ಮಿತಿ ಅಲ್ಲಿಯೂ ಇತ್ತು.

ನಮಗೆ ಬೇಕಾಗಿರುವುದು ಡಿಸಿ ವೋಲ್ಟೇಜ್ ಕಡಿಮೆ ತಿಂದು, ಬದಲಾವಣೆಗೆ ಮಾತ್ರ ಭಾರೀ ರೋಧ ಒಡ್ಡುವ ಬಾಲ. ಅಂಥದ್ದಕ್ಕೆ ಕರೆಂಟ್ ಸೋರ್ಸ್ ಎನ್ನುತ್ತಾರೆ, ಅದಕ್ಕೆ ಇನ್ನೊಂದು ಬಿ.ಸಿ. 547 ಸಾಕು. ಅದರ ಕಲೆಕ್ಟರ್ ಅನ್ನು ಎಮಿಟರ್ ಸಂಧಿಗೆ ಸೇರಿಸಿ, ಎಮಿಟರ್‌ನಿಂದ −12ಕ್ಕೆ 560 ಓಮ್ ಹಾಕಿ. ಬೇಸ್‌ನಿಂದ −12ಕ್ಕೆ ಎರಡು ಸಾಮಾನ್ಯ ಸಿಲಿಕಾನ್ ಡಯೋಡ್ ಸರಣಿಯಲ್ಲಿ, ಬೇಸ್‌ನಿಂದ ಗ್ರೌಂಡ್‌ಗೆ 4.7 ಕಿಲೋಓಮ್. ಡಯೋಡ್‌ಗಳು ಬೇಸ್ ಅನ್ನು −12ಕ್ಕಿಂತ 1.3 ವೋಲ್ಟ್ ಮೇಲೆ ಹಿಡಿದಿಡುತ್ತವೆ. ಅದರಲ್ಲಿ 0.65 ಟ್ರಾನ್ಸಿಸ್ಟರ್ ಜಂಕ್ಷನ್‌ಗೆ ಹೋಗಿ ಉಳಿದ 0.65 ವೋಲ್ಟ್ 560 ಓಮ್ ಮೇಲೆ ಬೀಳುತ್ತದೆ, ಸುಮಾರು 1.16 ಮಿಲಿಆಂಪ್. ನಿಮ್ಮ ಹಳೆಯ ಕರೆಂಟ್‌ಗೆ ಇದು ಹತ್ತಿರವೇ, ಆದ್ದರಿಂದ ಕಲೆಕ್ಟರ್ ರೆಸಿಸ್ಟರ್ ಬದಲಿಸಬೇಕಾಗಿಲ್ಲ. ಈ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಒಡ್ಡುವ ರೋಧ ಒಂದು ಮೆಗಾಓಮ್‌ಗೂ ಮೀರುತ್ತದೆ. ಅದೇ 1 ವೋಲ್ಟ್ ಮತ್ತೆ ಕೊಡಿ: ಅರ್ಧ ವೋಲ್ಟ್ ಇದ್ದ ಜಾಗದಲ್ಲಿ ನಾಲ್ಕೈದು ಮಿಲಿವೋಲ್ಟ್ ಕಾಣಬೇಕು. ವ್ಯತ್ಯಾಸದ ಗೇನ್ ಹಾಗೆಯೇ ಉಳಿಯುತ್ತದೆ. 47 ಡೆಸಿಬೆಲ್‌ನಿಂದ 87ಕ್ಕೋ 88ಕ್ಕೋ ನೆಗೆದದ್ದಾಯಿತು, ಮೂರು ರೂಪಾಯಿಯ ಟ್ರಾನ್ಸಿಸ್ಟರ್ ಮತ್ತು ನಾಲ್ಕು ಚಿಲ್ಲರೆ ಭಾಗಗಳಿಂದ.

ಫ್ರೀಕ್ವೆನ್ಸಿ ಏರಿಸುತ್ತಾ ಹೋದರೆ ಈ ಸುಖ ಕರಗುತ್ತದೆ. ಎಮಿಟರ್ ಸಂಧಿಯಿಂದ ಗ್ರೌಂಡ್‌ಗೆ ಟ್ರಾನ್ಸಿಸ್ಟರ್‌ನದ್ದು, ಬ್ರೆಡ್‌ಬೋರ್ಡ್ ಪಟ್ಟಿಗಳದ್ದು ಎಂದು ಒಂದಿಷ್ಟು ಕೆಪಾಸಿಟನ್ಸ್ ಇದ್ದೇ ಇರುತ್ತದೆ. ಅದು 10 ಪಿಕೋಫ್ಯಾರಡ್ ಎಂದುಕೊಂಡರೂ 100 ಕಿಲೋಹರ್ಟ್ಜ್‌ನಲ್ಲಿ ಅದರ ರೋಧ ಸುಮಾರು 160 ಕಿಲೋಓಮ್. ಮೆಗಾಓಮ್ ಬಾಲದ ಪಕ್ಕದಲ್ಲಿ ಇದು ಕಳ್ಳದಾರಿ. 50 ಹರ್ಟ್ಜ್ ಹಮ್ಮಿಂಗ್ ತಡೆಯುವ ಕೆಲಸಕ್ಕೆ ಇದರ ಚಿಂತೆ ಬೇಡ. ಆದರೆ ಡೇಟಾಶೀಟ್‌ಗಳಲ್ಲಿ ಸಿಎಂಆರ್‌ಆರ್ ಗೆರೆ ಫ್ರೀಕ್ವೆನ್ಸಿ ಏರಿದಂತೆ ಕೆಳಗೆ ಜಾರುವುದಕ್ಕೆ ಇಂಥದ್ದೇ ಕಾರಣ.

ಇಲ್ಲಿಯವರೆಗೆ ಹೇಳಿದ್ದು ಬಾಲ ಮಾಡುವ ಕೆಲಸ. ಇನ್ನೊಂದು ರಕ್ಷಣೆಯೂ ಇದೆ, ಎರಡನ್ನೂ ಬೆರೆಸಿ ಹೇಳುವುದರಿಂದಲೇ ಬಹಳ ಗೊಂದಲ ಹುಟ್ಟುತ್ತದೆ. ನಿಮ್ಮ ಹಳೆಯ, ರೆಸಿಸ್ಟರ್ ಬಾಲದ ಸರ್ಕ್ಯೂಟ್‌ನಲ್ಲೇ ಸ್ಕೋಪ್‌ನ ಎರಡು ಚಾನೆಲ್‌ಗಳನ್ನು ಎರಡು ಕಲೆಕ್ಟರ್‌ಗೆ ಹಚ್ಚಿ ನೋಡಿ. ಸಮಾನ ಸಿಗ್ನಲ್ ಕೊಟ್ಟಾಗ ಎರಡರಲ್ಲೂ ಅರ್ಧರ್ಧ ವೋಲ್ಟ್, ಒಂದೇ ದಿಕ್ಕಿಗೆ. ಒಂದರಿಂದ ಇನ್ನೊಂದನ್ನು ಕಳೆದು ತೋರಿಸು ಎಂದು ಸ್ಕೋಪ್‌ಗೆ ಹೇಳಿದರೆ ಆ ಅರ್ಧ ವೋಲ್ಟ್ ಹೆಚ್ಚುಕಡಿಮೆ ಮಾಯ. ಇದು ನಿಜವಾದ ಕಳೆಯುವಿಕೆ, ಮತ್ತು ಇದು ನಿಂತಿರುವುದು ಎರಡು ಬದಿಗಳ ಹೊಂದಾಣಿಕೆಯ ಮೇಲೆ. ಕಲೆಕ್ಟರ್ ರೆಸಿಸ್ಟರ್‌ಗಳ ನಡುವೆ 5 ಶೇಕಡಾ ವ್ಯತ್ಯಾಸವಿದ್ದರೆ 0.5 ವೋಲ್ಟ್‌ನ 5 ಶೇಕಡಾ, ಅಂದರೆ 25 ಮಿಲಿವೋಲ್ಟ್, ಉಳಿದುಬಿಡುತ್ತದೆ. ಅದು ಬಂದ ಮೇಲೆ ನಿಜವಾದ ಸಿಗ್ನಲ್‌ನಿಂದ ಅದನ್ನು ಬೇರ್ಪಡಿಸಲು ಮುಂದಿನ ಯಾವ ಹಂತಕ್ಕೂ ಆಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಬಾಲವನ್ನೇ ಮೊದಲು ಸರಿಮಾಡಿ. ಬಾಲ ಗಟ್ಟಿಯಾಗಿದ್ದರೆ ಕಳೆಯಬೇಕಾದದ್ದೇ ನಾಲ್ಕು ಮಿಲಿವೋಲ್ಟ್, ಅದರ 5 ಶೇಕಡಾ ಲೆಕ್ಕಕ್ಕಿಲ್ಲ. ಬಾಲ ಸಡಿಲವಿದ್ದು ಬರೀ ಹೊಂದಾಣಿಕೆಯ ಮೇಲೆ ಭಾರ ಹಾಕಿದರೆ ರೆಸಿಸ್ಟರ್ ಆರಿಸುತ್ತಾ ಕೂರಬೇಕು, ಬಿಸಿಲೇರಿದಾಗ ಮತ್ತೆ ಆರಿಸಬೇಕು. ಆಪ್ ಆಂಪ್‌ಗಳ ಒಳಗೆ ಎರಡೂ ಇರುತ್ತವೆ: ಕೆಳಗೆ ಕರೆಂಟ್ ಸೋರ್ಸ್, ಮೇಲೆ ಕಲೆಕ್ಟರ್ ರೆಸಿಸ್ಟರ್‌ಗಳ ಬದಲು ಕರೆಂಟ್ ಮಿರರ್. ಆ ಮಿರರ್ ಒಂದು ಬದಿಯ ಕರೆಂಟನ್ನು ತಿರುಗಿಸಿ ಇನ್ನೊಂದು ಬದಿಯಲ್ಲಿ ಕಳೆಯುತ್ತದೆ, ಹಾಗಾಗಿ ಒಂದೇ ತಂತಿಯ ಔಟ್‌ಪುಟ್‌ನಲ್ಲಿಯೂ ಎರಡು ಕಲೆಕ್ಟರ್‌ಗಳ ಲಾಭ ಸಿಗುತ್ತದೆ.

ಕರೆಂಟ್ ಸೋರ್ಸ್ ಹಾಕಿದ ಮೇಲೂ ಔಟ್‌ಪುಟ್‌ನಲ್ಲಿ ಹಮ್ಮಿಂಗ್ ಕಂಡರೆ ಅದು ಕಾಮನ್ ಮೋಡ್‌ನದ್ದೇ ಎಂದು ತೀರ್ಮಾನಿಸಬೇಡಿ. ಇನ್‌ಪುಟ್ ಎರಡನ್ನೂ ಬೋರ್ಡ್ ಮೇಲೆಯೇ ಗ್ರೌಂಡ್ ಮಾಡಿ. ಆಗಲೂ ಉಳಿದರೆ ಸ್ಕೋಪ್‌ನಲ್ಲಿ ಅದರ ಫ್ರೀಕ್ವೆನ್ಸಿ ಅಳೆಯಿರಿ. 100 ಹರ್ಟ್ಜ್ ಇದ್ದರೆ ಬ್ರಿಡ್ಜ್ ರೆಕ್ಟಿಫೈಯರ್ ಇರುವ ಪವರ್ ಸಪ್ಲೈನ ರಿಪಲ್ ಅದು. ಕಲೆಕ್ಟರ್ ರೆಸಿಸ್ಟರ್ +12ರಿಂದ ನೇತಾಡುತ್ತಿರುವುದರಿಂದ ಆ ಸಪ್ಲೈನ ರಿಪಲ್ ಒಂದೇ ಕಲೆಕ್ಟರ್‌ನ ಔಟ್‌ಪುಟ್‌ಗೆ ಇಡಿಯಾಗಿ ಇಳಿದು ಬರುತ್ತದೆ, ಬಾಲ ಎಷ್ಟೇ ಚೆನ್ನಾಗಿರಲಿ ತಡೆಯಲಾರದು. ಎರಡು ಕಲೆಕ್ಟರ್‌ಗಳ ನಡುವೆ ನೋಡಿದರೆ ಇದು ಹೋಗುತ್ತದೆ. ಹಾಗೆ ಹೋದರೆ ಕಾರಣ ಸಪ್ಲೈ ಎಂದು ಖಾತ್ರಿ. −12ರ ರಿಪಲ್ ರೆಸಿಸ್ಟರ್ ಬಾಲದ ಮೂಲಕ, ನಿಮ್ಮ ಅರ್ಧ ವೋಲ್ಟ್ ಬಂದ ದಾರಿಯಲ್ಲೇ ಬರುತ್ತದೆ. ಕರೆಂಟ್ ಸೋರ್ಸ್ ಅದನ್ನು ಬಹುಪಾಲು ತಡೆಯುತ್ತದೆ.

ಇನ್‌ಪುಟ್ ಗ್ರೌಂಡ್ ಮಾಡಿದಾಗ ಹೋಗಿ, ತಂತಿ ಜೋಡಿಸಿದಾಗ 50 ಹರ್ಟ್ಜ್ ಮರಳಿದರೆ ತಂತಿಗಳ ಕಡೆಯ ಸಮಸ್ಯೆ. ಜೋಡಿ ಸಮಾನ ಸಿಗ್ನಲ್ ಅನ್ನು ತಡೆಯುವುದು ಅದು ಬೇಸ್‌ಗಳನ್ನು ತಲುಪುವಾಗಲೂ ಸಮಾನವಾಗಿದ್ದರೆ ಮಾತ್ರ. ಒಂದು ಇನ್‌ಪುಟ್‌ನ ದಾರಿಯಲ್ಲಿ 100 ಕಿಲೋಓಮ್, ಇನ್ನೊಂದರಲ್ಲಿ ಏನೂ ಇಲ್ಲ ಎಂದಾದರೆ ಬೇಸ್ ತಲುಪುವ ಹೊತ್ತಿಗೆ ಎರಡೂ ಬೇರೆ ಬೇರೆ ಆಗಿರುತ್ತವೆ, ಆ ಅಂತರಕ್ಕೆ ಜೋಡಿ ನಿಷ್ಠೆಯಿಂದ 109ರ ಗೇನ್ ಕೊಡುತ್ತದೆ. ಡಿಸಿ ಪರಿಸ್ಥಿತಿ ಇನ್ನೂ ಕಷ್ಟ. ಕರೆಂಟ್ ಗೇನ್ 200 ಎಂದಿಟ್ಟರೆ ಬೇಸ್ ಕರೆಂಟ್ 3 ಮೈಕ್ರೋಆಂಪ್‌ನಷ್ಟು. ಅದು 100 ಕಿಲೋಓಮ್‌ನಲ್ಲಿ ಹರಿದರೆ 0.3 ವೋಲ್ಟ್ ವ್ಯತ್ಯಾಸ ಹುಟ್ಟಲು ನೋಡುತ್ತದೆ. 60 ಮಿಲಿವೋಲ್ಟ್‌ಗೇ ಹತ್ತಕ್ಕೊಂದು ಅನುಪಾತವಾಗುವ ಜೋಡಿ ಅಷ್ಟು ದೂರ ಹೋಗುವ ಮೊದಲೇ ಒಂದು ಬದಿಗೆ ಪೂರ್ತಿ ವಾಲಿಬಿಡುತ್ತದೆ. ಒಂದು ಕಲೆಕ್ಟರ್ 12ರ ಹತ್ತಿರ ಹೋಗಿ ಕೂತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಎರಡೂ ಬೇಸ್‌ಗಳಿಂದ ಗ್ರೌಂಡ್‌ಗೆ ಡಿಸಿ ದಾರಿ ಇರಲಿ, ಎರಡರ ರೋಧವೂ ಒಂದೇ ಇರಲಿ. ಬರೀ ಕೆಪಾಸಿಟರ್ ಮೂಲಕ ಬೇಸ್ ಜೋಡಿಸಿ ಬಿಟ್ಟರೆ ಅದಕ್ಕೆ ಕರೆಂಟ್ ಬರುವ ದಾರಿಯೇ ಇರುವುದಿಲ್ಲ.

ಟ್ರಾನ್ಸಿಸ್ಟರ್‌ಗಳ ಉಷ್ಣತೆಯೂ ಒಂದೇ ಇರಬೇಕು. ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಎರಡೂ ಒಟ್ಟಿಗೆ ಬಿಸಿಯಾದರೆ ಅದು ಸಮಾನ ಸಿಗ್ನಲ್, ಜೋಡಿ ಗಮನಿಸುವುದಿಲ್ಲ. ಡಿಸಿ ಆಂಪ್ಲಿಫೈಯರ್‌ಗಳಿಗೆ ಈ ಸರ್ಕ್ಯೂಟ್ ಅಷ್ಟು ಹಿಡಿಸಿದ್ದಕ್ಕೆ ಇದು ದೊಡ್ಡ ಕಾರಣ. ಒಂದೇ ಬಿಸಿಯಾದರೆ ಮಾತ್ರ ಒಂದೊಂದು ಡಿಗ್ರಿಗೂ ಔಟ್‌ಪುಟ್ 0.2 ವೋಲ್ಟ್ ಸರಿಯುತ್ತದೆ. ಒಂದು ಟ್ರಾನ್ಸಿಸ್ಟರ್ ಅನ್ನು ಬೆರಳುಗಳಲ್ಲಿ ಹಿಡಿದು ಮೀಟರ್ ನೋಡುತ್ತಿರಿ, ನಿಧಾನಕ್ಕೆ ಜಾರುವುದು ಕಾಣುತ್ತದೆ. ಎರಡರ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಅಂಟಿಸಿದರೆ ಇದು ಬಹಳ ಮಟ್ಟಿಗೆ ತಗ್ಗುತ್ತದೆ. ಒಂದೇ ಸಿಲಿಕಾನ್ ತುಂಡಿನ ಮೇಲೆ ಐದು ಟ್ರಾನ್ಸಿಸ್ಟರ್ ಇರುವ ಸಿಎ 3046 ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಎರಡರ ಎಮಿಟರ್‌ಗಳನ್ನು ಒಳಗೇ ಸೇರಿಸಿ ಜೋಡಿ ಮಾಡಿಟ್ಟಿರುತ್ತಾರೆ.

ಅಳೆಯುವಾಗ ಸಮಾನ ಸಿಗ್ನಲ್ ಎಷ್ಟು ದೊಡ್ಡದು ಕೊಡಬಹುದು ಎಂಬುದಕ್ಕೂ ಮಿತಿ ಇದೆ. ನಿಮ್ಮ ರೆಸಿಸ್ಟರ್ ಬಾಲದ ಸರ್ಕ್ಯೂಟ್‌ನಲ್ಲಿ ಇನ್‌ಪುಟ್ ಏರುತ್ತಾ ಹೋದಂತೆ ಕಲೆಕ್ಟರ್ ಇಳಿಯುತ್ತಾ ಬರುತ್ತದೆ. ಸುಮಾರು 4.2 ವೋಲ್ಟ್‌ನಲ್ಲಿ ಬೇಸ್ ಮತ್ತು ಕಲೆಕ್ಟರ್ ಒಂದೇ ಮಟ್ಟಕ್ಕೆ ಬಂದು, ಇನ್ನೂ ಸ್ವಲ್ಪ ಮೇಲಕ್ಕೆ ಹೋದರೆ ಟ್ರಾನ್ಸಿಸ್ಟರ್‌ಗಳು ಸ್ಯಾಚುರೇಟ್ ಆಗುತ್ತವೆ. ಅಲ್ಲಿಂದಾಚೆಗೆ ಮೇಲೆ ಬರೆದ ಯಾವ ಸೂತ್ರವೂ ನಡೆಯುವುದಿಲ್ಲ. ಕರೆಂಟ್ ಸೋರ್ಸ್ ಹಾಕಿದ ಮೇಲೆ ಕಲೆಕ್ಟರ್ ಇಳಿಯದೆ 6.2 ವೋಲ್ಟ್‌ನ ಆಸುಪಾಸಿನಲ್ಲೇ ನಿಲ್ಲುವುದರಿಂದ ಇನ್‌ಪುಟ್ 6 ವೋಲ್ಟ್‌ವರೆಗೆ ಏರಬಹುದು. ಕೆಳಗಡೆ −10 ವೋಲ್ಟ್‌ವರೆಗೂ ಅವಕಾಶವಿದೆ. ಅದಕ್ಕಿಂತ ಕೆಳಗಿಳಿದರೆ ಬಾಲದ ಟ್ರಾನ್ಸಿಸ್ಟರ್‌ಗೇ ಉಸಿರಾಡಲು ವೋಲ್ಟೇಜ್ ಉಳಿಯುವುದಿಲ್ಲ.